ಪ್ರಿಪರೇಟರಿ ಅಂಕದಿಂದ ಎಸ್ಸೆಸ್ಸೆಲ್ಸಿ ಅಂಕ ಅಂದಾಜಿಸುವುದು ಹೇಗೆ?

ಗಣಿತದ ಪ್ರಿಪರೇಟರಿಯಲ್ಲಿ 80ಕ್ಕೆ 46 ಬಂದಿದೆ. ಮುಖ್ಯ ಪರೀಕ್ಷೆಯಲ್ಲಿ ಎಷ್ಟು ಬರಬಹುದು? ನಿಮ್ಮ ಶಾಲೆಯ ಹಿಂದಿನ ವರ್ಷದ ಅಂಕಪಟ್ಟಿ ಸಿಕ್ಕರೆ ಒಂದು ಅಂದಾಜು ಮಾಡಬಹುದು.

ಮೊದಲು ಗಣಿತದ ಶಿಕ್ಷಕರ ಹತ್ತಿರ ಎರಡು ಸಾಲು ಅಂಕ ಕೇಳಿ. ಹೆಸರು ಬೇಡ, ಅಂಕ ಸಾಕು. ಒಂದು ಪ್ರಿಪರೇಟರಿಯದು, ಇನ್ನೊಂದು ಅದೇ ಮಕ್ಕಳು ಪರೀಕ್ಷೆ-1ರಲ್ಲಿ ಪಡೆದದ್ದು. ಎರಡೂ 80ರ ಲಿಖಿತ ಅಂಕವೇ ಆಗಿರಬೇಕು. 20ರ ಆಂತರಿಕ ಅಂಕವನ್ನು ಇಲ್ಲಿ ಸೇರಿಸಬೇಡಿ. ಶಾಲೆಯಲ್ಲಿ ಎರಡು ಪ್ರಿಪರೇಟರಿ ನಡೆದಿದ್ದರೆ, ನಿಮ್ಮ 46 ಯಾವುದರದ್ದೋ ಹಿಂದಿನ ವರ್ಷದ್ದೂ ಅದೇ ಇರಲಿ.

ಈಗ ನಿಮ್ಮ ಅಂಕದ ಆಸುಪಾಸಿನವರನ್ನು ಮಾತ್ರ ಆರಿಸಿ. 12 ತೆಗೆದವರು ಮುಂದೆ 30 ತೆಗೆದರೆ ಅನುಪಾತ 2.5 ಆಗುತ್ತದೆ. ಅದು 46ರವರಿಗೆ ಹೊಂದುವುದಿಲ್ಲ ಅಲ್ವಾ? ಹೀಗೆ ಆರಿಸಿದ ಐವರ ಅಂಕ 40ರಿಂದ 50ಕ್ಕೆ, 45ರಿಂದ 54ಕ್ಕೆ, 50ರಿಂದ 55ಕ್ಕೆ, 48ರಿಂದ 60ಕ್ಕೆ ಏರಿದೆ, ಒಬ್ಬರದು 44ರಲ್ಲೇ ನಿಂತಿದೆ ಎಂದುಕೊಳ್ಳಿ. ಮುಖ್ಯ ಪರೀಕ್ಷೆಯ ಅಂಕವನ್ನು ಪ್ರಿಪರೇಟರಿ ಅಂಕದಿಂದ ಭಾಗಿಸಿ, ಉತ್ತರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆಯಿರಿ: 1.00, 1.10, 1.20, 1.25, 1.25. ಸರಾಸರಿಗಿಂತ ನಡುವಿನ ಅಂಕಿಯೇ ವಾಸಿ. ಒಬ್ಬರ ಅಂಕ ವಿಪರೀತ ಏರಿದ್ದರೂ ಅದು ಜಾಸ್ತಿ ಅಲುಗಾಡುವುದಿಲ್ಲ. ಇಲ್ಲಿ ಅದು 1.20.

46 × 1.20 = 55.2. ಅಂದರೆ ಸುಮಾರು 55. ಇದೊಂದನ್ನೇ ನೆಚ್ಚಬೇಡಿ. ಅತಿ ಸಣ್ಣ ಮತ್ತು ಅತಿ ದೊಡ್ಡ ಅನುಪಾತದಿಂದಲೂ ಗುಣಿಸಿ ನೋಡಿ. 46ರಿಂದ 57ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು ಎಂದು ಗೊತ್ತಾಗುತ್ತದೆ. ನನಗೆ 55ಕ್ಕಿಂತ ಈ ಅಂತರವೇ ಮುಖ್ಯ. ಆಂತರಿಕ ಅಂಕ 18 ಇದ್ದರೆ ಕೊನೆಗೆ ಕೂಡಿಸಿ: 100ಕ್ಕೆ 64ರಿಂದ 75, ನಡುವೆ 73.

ಚೆನ್ನಾಗಿ ಓದುವವರಿಗೆ ಈ ಲೆಕ್ಕ ಕೈಕೊಡುತ್ತದೆ. 72 × 1.20 ಮಾಡಿದರೆ 86 ದಾಟುತ್ತದೆ, ಪತ್ರಿಕೆಯೇ 80ರದ್ದು! ಅವರು ಕಳೆದುಕೊಂಡ ಅಂಕದ ಅನುಪಾತ ಹಿಡಿಯಬೇಕು. ಹಿಂದಿನ ವರ್ಷ 70 ತೆಗೆದವರು 74ಕ್ಕೆ ಏರಿದ್ದರೆ, ಕಳೆದುಕೊಂಡ 10 ಅಂಕ 6ಕ್ಕೆ ಇಳಿದಿದೆ, ಅಂದರೆ 0.6. ಅಂಥ ಹಲವರ ನಡುವಿನ ಅಂಕಿಯೂ 0.6 ಬಂದರೆ, 72 ತೆಗೆದವರು ಕಳೆದುಕೊಂಡ 8 ಅಂಕ ಸುಮಾರು 5 ಆಗುತ್ತದೆ. ಅಂದಾಜು 75.

ಪರೀಕ್ಷೆ ನಡೆಸುವ ರೀತಿ ಬದಲಾದ ವರ್ಷ ಹಳೆಯ ಅನುಪಾತ ದಾರಿ ತಪ್ಪಿಸಬಹುದು. 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಅದಕ್ಕೇ 2023ರ ಅಥವಾ ಅದಕ್ಕೂ ಹಿಂದಿನ ಅಂಕಪಟ್ಟಿಯನ್ನು ಈ ಲೆಕ್ಕಕ್ಕೆ ಬಳಸಬೇಡಿ.