ದುಬೈ ದುಡ್ಡು, ಊರಿನ ಲೆಕ್ಕ: ರೇಟ್ ಏರಿದಾಗ ಕೈಯಲ್ಲಿ ಎಷ್ಟು ಉಳಿಯುತ್ತದೆ?

ತೀರ್ಥಹಳ್ಳಿ ಕಡೆಯ ಒಂದು ಮನೆ ಎಂದುಕೊಳ್ಳೋಣ. ಒಂದೆಕರೆ ಅಡಿಕೆ ತೋಟ, ಮನೆ ಕಟ್ಟಿದ ಸಾಲ, ಮದುವೆಗೆ ಬಂದ ಮಗಳು. ಮಗ ದುಬೈನಲ್ಲಿದ್ದಾನೆ. ತಿಂಗಳಿಗೆ 2,000 ದಿರ್ಹಂ ಕಳಿಸುತ್ತಾನೆ. ಫೋನಿನಲ್ಲಿ ಮಾತು ಹೀಗೆ ಶುರುವಾಗುತ್ತದೆ: 'ಅಮ್ಮಾ, ಈ ಸಲ ರೇಟ್ ಚೆನ್ನಾಗಿದೆ.' ಅಮ್ಮನ ಉತ್ತರವೂ ಸಿದ್ಧ: 'ರೇಟ್ ಚೆನ್ನಾಗಿದ್ರೆ ಆಯ್ತಾ ಮಾರಾಯ, ಅಡುಗೆ ಎಣ್ಣೆಯ ರೇಟೂ ಅಷ್ಟೇ ಚೆನ್ನಾಗಿದೆ.'

ಇಬ್ಬರ ಮಾತೂ ಸರಿ. ಹಾಗಾದರೆ ರೇಟ್ ಏರಿದ ತಿಂಗಳು ಮನೆಗೆ ನಿಜವಾಗಿ ಸಿಕ್ಕಿದ್ದೆಷ್ಟು? ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಲೆಕ್ಕ ಹಾಕಿಬಿಡಬಹುದು.

ಮೊದಲು ಡಾಲರ್ ನೋಡಿ

ದಿರ್ಹಂ ತಾನಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 1997ರಿಂದ ಅದನ್ನು ಅಮೆರಿಕದ ಡಾಲರಿಗೆ ಕಟ್ಟಿಹಾಕಿದ್ದಾರೆ. ಒಂದು ಡಾಲರಿಗೆ 3.6725 ದಿರ್ಹಂ, ಅಷ್ಟೇ. ಸೌದಿ ರಿಯಾಲ್ ಕೂಡ ಹೀಗೆಯೇ, ಡಾಲರಿಗೆ 3.75. ಕತಾರಿನದು 3.64. ಆದ್ದರಿಂದ ದುಬೈನಲ್ಲಿ ಏನಾಯಿತು ಎಂದು ಹುಡುಕಬೇಕಾಗಿಲ್ಲ. ಡಾಲರಿನ ಎದುರು ರೂಪಾಯಿಗೆ ಏನಾಯಿತು ಎಂದು ನೋಡಿದರೆ ಸಾಕು.

ಡಾಲರ್ ದರವನ್ನು 3.6725ರಿಂದ ಭಾಗಿಸಿ. ಡಾಲರ್ 83 ರೂಪಾಯಿ ಇದ್ದರೆ ದಿರ್ಹಂ 22.60. ಡಾಲರ್ 88 ಆದರೆ ದಿರ್ಹಂ 23.96. ಇದಕ್ಕೆ ನಾವು ನಡುದರ ಎನ್ನೋಣ. ಈ ದರ ಯಾರ ಕೈಗೂ ಪೂರ್ತಿ ಸಿಗುವುದಿಲ್ಲ, ಆದರೆ ನಮಗೆ ಸಿಕ್ಕಿದ ದರವನ್ನು ಅಳೆಯುವುದಕ್ಕೆ ಇದೇ ಅಳತೆಗೋಲು.

ಮಕ್ಕಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಜರ್ಮನಿಯಲ್ಲಿದ್ದರೆ ಈ ಸುಲಭದ ಲೆಕ್ಕ ನಡೆಯುವುದಿಲ್ಲ. ಪೌಂಡ್, ಆಸ್ಟ್ರೇಲಿಯಾದ ಡಾಲರ್, ಯೂರೋ ಎಲ್ಲವೂ ಅಮೆರಿಕದ ಡಾಲರಿನ ಎದುರು ದಿನಾ ಏರಿಳಿಯುತ್ತವೆ. 'ರೂಪಾಯಿ ಕುಸಿತ' ಎಂದು ಟಿ.ವಿ.ಯಲ್ಲಿ ಬಂದ ದಿನವೇ ಪೌಂಡ್ ಇನ್ನೂ ಜಾಸ್ತಿ ಕುಸಿದಿರಬಹುದು. ಅಂಥ ಮನೆಯವರು ಆಯಾ ನಾಣ್ಯದ ದರವನ್ನೇ ನೇರವಾಗಿ ನೋಡಬೇಕು.

ಬಂದ ರೂಪಾಯಿಯನ್ನು ಹೋದ ದಿರ್ಹಂನಿಂದ ಭಾಗಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಮೊಬೈಲಿನಲ್ಲಿ 23.96 ಕಾಣುತ್ತದೆ, ಖಾತೆಗೆ ಬಂದದ್ದು ಅದಕ್ಕಿಂತ ಕಡಿಮೆ. ನಾನೂ ಒಮ್ಮೆ ಹೀಗೆ ಬ್ಯಾಂಕಿನ ಕೌಂಟರಿನಲ್ಲಿ ಮೊಬೈಲ್ ಹಿಡಿದುಕೊಂಡು ವಾದ ಮಾಡಿದ್ದೇನೆ. ಪಾಪ, ಆ ಹುಡುಗಿಯ ತಪ್ಪೇನೂ ಇರಲಿಲ್ಲ. ನಾನು ನೋಡುತ್ತಿದ್ದದ್ದು ನಡುದರ, ಬ್ಯಾಂಕ್ ಕೊಡುವುದು ಅದರ ಕೊಳ್ಳುವ ದರ.

ಮಗನ ಹತ್ತಿರ ಎರಡೇ ವಿಷಯ ಕೇಳಿ. ನಿನ್ನ ಕೈಯಿಂದ ಶುಲ್ಕ ಸೇರಿ ಒಟ್ಟು ಎಷ್ಟು ದಿರ್ಹಂ ಹೋಯಿತು? ರಸೀದಿಯಲ್ಲಿ ಬರೆದ ದರ ಎಷ್ಟು? ಉದಾಹರಣೆಗೆ, ಎಕ್ಸ್‌ಚೇಂಜ್‌ನವರು 23.80 ದರ ಕೊಟ್ಟರು, ಶುಲ್ಕ 20 ದಿರ್ಹಂ ತೆಗೆದುಕೊಂಡರು. ಮಗನ ಕೈಯಿಂದ ಹೋದದ್ದು 2,020 ದಿರ್ಹಂ. ಊರಿಗೆ ಬಂದದ್ದು 2,000 ಗುಣಿಸು 23.80, ಅಂದರೆ 47,600 ರೂಪಾಯಿ. ಈಗ 47,600ನ್ನು 2,020ರಿಂದ ಭಾಗಿಸಿ. 23.56 ಬರುತ್ತದೆ. ನಿಮಗೆ ಸಿಕ್ಕ ಅಸಲಿ ದರ ಇದು. ನಡುದರಕ್ಕೂ ಇದಕ್ಕೂ 40 ಪೈಸೆ ವ್ಯತ್ಯಾಸ. ಹಣದಲ್ಲಿ ಹೇಳಿದರೆ ಸುಮಾರು 800 ರೂಪಾಯಿ ದಾರಿಯಲ್ಲಿ ಸೋರಿದೆ. ಇದರಲ್ಲಿ ಸುಮಾರು 480 ಶುಲ್ಕದ್ದು, ಉಳಿದ 320 ದರದೊಳಗೆ ಅಡಗಿದ್ದದ್ದು.

ಈಗ ಪಕ್ಕದ ಅಂಗಡಿಯವನು 'ಶುಲ್ಕವೇ ಇಲ್ಲ' ಎಂದು ಬೋರ್ಡ್ ಹಾಕಿದ್ದಾನೆ, ದರ ಮಾತ್ರ 23.50. ಅದೇ 2,020 ದಿರ್ಹಂ ಅವನಲ್ಲಿ ಕೊಟ್ಟರೆ ಊರಿಗೆ 47,470 ರೂಪಾಯಿ ಬರುತ್ತದೆ. ಶುಲ್ಕ ಉಳಿಯಿತು, 130 ರೂಪಾಯಿ ಹೋಯಿತು. ಆದ್ದರಿಂದ ಬೋರ್ಡನ್ನು ನೋಡಬೇಡಿ, ಭಾಗಾಕಾರ ಮಾಡಿ. ಸಣ್ಣ ಮೊತ್ತವನ್ನು ಪದೇ ಪದೇ ಕಳಿಸುವವರಿಗೆ ಶುಲ್ಕವೇ ದೊಡ್ಡ ಹೊರೆ. ವಾರಕ್ಕೆ 500ರಂತೆ ನಾಲ್ಕು ಸಲ ಕಳಿಸಿದರೆ ಶುಲ್ಕ 80 ದಿರ್ಹಂ, ಅಂದರೆ 1,900 ರೂಪಾಯಿಗೂ ಜಾಸ್ತಿ.

ಇನ್ನೊಂದು ಗೊಂದಲ ಇದೆ. ದಿರ್ಹಂ ರೂಪಾಯಿ ಆಗುವುದು ಎಲ್ಲಿ? ದುಬೈನಲ್ಲೇ ಆದರೆ ದರ ರಸೀದಿಯಲ್ಲಿ ಬಂದುಬಿಡುತ್ತದೆ, ಖಾತೆಗೆ ಬರುವ ಮೊತ್ತವೂ ಅಲ್ಲೇ ಗಟ್ಟಿ. ಆದರೆ ಅಲ್ಲಿನ ಬ್ಯಾಂಕಿನಿಂದ ವಿದೇಶಿ ಹಣವಾಗಿಯೇ ಬಂದರೆ, ಅದನ್ನು ಬದಲಾಯಿಸುವುದು ನಮ್ಮ ಬ್ಯಾಂಕ್. ಆಗ ಅನ್ವಯಿಸುವುದು ಟಿ.ಟಿ. ಬೈಯಿಂಗ್ ದರ, ಅಂದರೆ ಹೊರಗಿನಿಂದ ಬಂದ ಹಣವನ್ನು ಬ್ಯಾಂಕ್ ಕೊಳ್ಳುವ ದರ, ಅದೂ ಬ್ಯಾಂಕ್ ಬದಲಾಯಿಸಿದ ದಿನದ್ದು. ಬ್ಯಾಂಕಿನ ಪಟ್ಟಿಯಲ್ಲಿ ಟಿ.ಟಿ. ಸೆಲ್ಲಿಂಗ್ ಎಂಬ ಸಾಲೂ ಇರುತ್ತದೆ. ಅದು ನಮ್ಮಿಂದ ಹೊರಗೆ ಹಣ ಕಳಿಸುವವರಿಗೆ. ಅದನ್ನು ನೋಡಿ ಆಸೆಪಟ್ಟುಕೊಂಡು ಪ್ರಯೋಜನವಿಲ್ಲ. ಈ ದಾರಿಯಲ್ಲಿ ನಡುವಿನ ಬ್ಯಾಂಕೊಂದು ತನ್ನ ಪಾಲು ಹಿಡಿದುಕೊಳ್ಳುವುದೂ ಉಂಟು. ಮಗ ಕಳಿಸಿದ ವಿದೇಶಿ ಮೊತ್ತಕ್ಕೂ ನಮ್ಮ ಬ್ಯಾಂಕಿಗೆ ತಲುಪಿದ ವಿದೇಶಿ ಮೊತ್ತಕ್ಕೂ ತಾಳೆಯಾಗದಿದ್ದರೆ ಅದೇ ಕಾರಣ ಇರಬಹುದು ಎಂದು ತಿಳಿಯಿರಿ.

ಹೆಚ್ಚಾದ ಹಣ ಯಾವ ಖರ್ಚಿಗೆ ಹೋಗುತ್ತದೆ?

ನನ್ನ ಮಟ್ಟಿಗೆ ಲೆಕ್ಕದ ತಿರುಳು ಇರುವುದು ಇಲ್ಲಿ. ನಮ್ಮ ಉದಾಹರಣೆಯ ಮನೆಗೆ ಮೊದಲು 22.45 ದರದಲ್ಲಿ 44,900 ರೂಪಾಯಿ ಬರುತ್ತಿತ್ತು. ಈಗ 23.80ರಲ್ಲಿ 47,600. ಏರಿಕೆ 2,700, ಅಂದರೆ ನೂರಕ್ಕೆ ಆರು. ಹಳೆಯ 44,900 ಹೀಗೆ ಖರ್ಚಾಗುತ್ತಿತ್ತು: ಸಾಲದ ಕಂತು 20,000, ಅಡುಗೆಮನೆ ಮತ್ತು ತೋಟಕ್ಕೆ 18,900, ಮಗಳ ಮದುವೆಯ ಚಿನ್ನಕ್ಕೆ 6,000. ಮೂರನ್ನೂ ಬೇರೆ ಬೇರೆ ನೋಡಬೇಕು.

ಸಾಲದ ಕಂತು ರೂಪಾಯಿಯಲ್ಲಿದೆ. ಡಾಲರ್ ಎಲ್ಲಿಗೇ ಹೋಗಲಿ, ಕಂತು 20,000 ಮಾತ್ರ. ಈ ಪಾಲಿನ ಲಾಭ ಪೂರ್ತಿ ನಿಮ್ಮದು.

ಚಿನ್ನ ಇದಕ್ಕೆ ತದ್ವಿರುದ್ಧ. ನಮ್ಮ ದೇಶಕ್ಕೆ ಚಿನ್ನ ಹೊರಗಿನಿಂದ ಬರುತ್ತದೆ, ಅದರ ಬೆಲೆ ಡಾಲರಿನಲ್ಲಿ. ಹೊರಗಿನ ಬೆಲೆ ಹಾಗೇ ಇದ್ದು ರೂಪಾಯಿ ಮಾತ್ರ ಇಳಿದರೆ, ಶಿವಮೊಗ್ಗದ ಗಾಂಧಿಬಜಾರಿನಲ್ಲೂ ಚಿನ್ನ ಸುಮಾರು ಅಷ್ಟೇ ಪಾಲು ಏರುತ್ತದೆ. ಮೊದಲು 6,000ಕ್ಕೆ ಬರುತ್ತಿದ್ದ ಚಿನ್ನಕ್ಕೆ ಈಗ 6,360 ಬೇಕು. ಅಂದರೆ ಮಗನ ದಿರ್ಹಂಗೆ ಮೊದಲು ಎಷ್ಟು ಚಿನ್ನ ಬರುತ್ತಿತ್ತೋ ಈಗಲೂ ಅಷ್ಟೇ. 'ರೇಟ್ ಚೆನ್ನಾಗಿದೆ, ಈಗಲೇ ಬಂಗಾರ ತೆಗೆದುಬಿಡೋಣ' ಎನ್ನುವ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಚಿನ್ನ ತೆಗೆಯುವುದಕ್ಕೆ ಬೇರೆ ಕಾರಣ ಇರಬಹುದು. ದಿರ್ಹಂ ರೇಟ್ ಅಂತೂ ಕಾರಣವಲ್ಲ.

ಅಡುಗೆಮನೆ, ತೋಟ ಎರಡರ ನಡುವೆ ನಿಲ್ಲುತ್ತವೆ. ಅಕ್ಕಿ, ತರಕಾರಿ, ಹಾಲಿಗೆ ಡಾಲರಿನ ಬಿಸಿ ನೇರವಾಗಿ ತಟ್ಟುವುದಿಲ್ಲ. ಅಡುಗೆ ಎಣ್ಣೆಗೆ ತಟ್ಟುತ್ತದೆ, ಅರ್ಧಕ್ಕಿಂತ ಜಾಸ್ತಿ ಹೊರಗಿನದು. ತೋಟದಲ್ಲಿ ಪೊಟ್ಯಾಷ್ ಗೊಬ್ಬರ ಹೊರಗಿನದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಮಲೆನಾಡಿನಲ್ಲಿ ಅಡಿಕೆ ಉಳಿಯುವುದುಂಟೇ? ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ನಮ್ಮದೇ, ಮೈಲುತುತ್ತದೊಳಗಿನ ತಾಮ್ರದ ಬೆಲೆ ಮಾತ್ರ ಡಾಲರಿನಲ್ಲಿ ನಿಗದಿಯಾಗುತ್ತದೆ. ಇಂಥ ಸಾಮಾನಿನ ಬೆಲೆ ರೇಟ್ ಏರಿದ ದಿನವೇ ಏರುವುದಿಲ್ಲ. ಹಳೆ ಸ್ಟಾಕ್ ಮುಗಿದ ಮೇಲೆ, ಸುಮ್ನೆ, ಸದ್ದಿಲ್ಲದೆ ಏರುತ್ತದೆ. ಗೊಬ್ಬರಕ್ಕೆ ಸರ್ಕಾರದ ಸಬ್ಸಿಡಿಯೂ ಇರುವುದರಿಂದ ಅದರ ಏರಿಕೆ ಇನ್ನೂ ತಡ. 18,900ರಲ್ಲಿ ಇಂಥ ಸಾಮಾನು 5,000 ರೂಪಾಯಿಯದು ಎಂದಿಟ್ಟುಕೊಂಡರೆ, ಏರಿಕೆ ಹೆಚ್ಚೆಂದರೆ 300.

ಈಗ ಕೂಡಿ ಕಳೆಯಿರಿ. 2,700ರಲ್ಲಿ ಚಿನ್ನ 360, ಮನೆ-ತೋಟ 300 ತಿಂದಿತು. ಉಳಿದದ್ದು ಸುಮಾರು 2,040. ಸಾಲವೇ ಇಲ್ಲದೆ, ಕಳಿಸಿದ್ದೆಲ್ಲ ಚಿನ್ನಕ್ಕೆ ಹೋಗುವ ಮನೆಯಾಗಿದ್ದರೆ ಉಳಿಯುತ್ತಿದ್ದದ್ದು ಸೊನ್ನೆ. ಇನ್ನೊಂದು ಮಾತು. ಡಾಲರ್ 83 ದಾಟಿದ್ದು 2022ರ ಅಕ್ಟೋಬರ್‌ನಲ್ಲಿ, 88 ದಾಟಿದ್ದು 2025ರ ಆಗಸ್ಟ್ ಕೊನೆಗೆ. ಆ ಮೂರು ವರ್ಷದಲ್ಲಿ ಡಾಲರಿಗೆ ಸಂಬಂಧವೇ ಇಲ್ಲದ ತೋಟದ ಕೂಲಿ, ಶಾಲೆ ಫೀಸು ಎಷ್ಟು ಏರಿದೆ ಎಂದು ನಿಮಗೇ ಗೊತ್ತು. ಅಮ್ಮ ಗೊಣಗಿದ್ದು ಸುಮ್ಮನೆ ಅಲ್ಲ, ಅಲ್ವಾ?

ಕಾಯುವುದಾದರೆ ಬಡ್ಡಿ ಹಿಡಿದು ನೋಡಿ

'ಇನ್ನೂ ಏರುತ್ತೆ, ಮುಂದಿನ ತಿಂಗಳು ಎರಡೂ ಒಟ್ಟಿಗೆ ಕಳಿಸ್ತೀನಿ' ಎನ್ನುವ ಮಕ್ಕಳಿದ್ದಾರೆ. ಕಾಯುವುದಕ್ಕೂ ಖರ್ಚಿದೆ. ಮನೆಯಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯ ಅಡವು ಸಾಲ ಇದೆ ಎನ್ನಿ. 47,600 ರೂಪಾಯಿ ಒಂದು ತಿಂಗಳು ತಡವಾದರೆ 476 ರೂಪಾಯಿ ಬಡ್ಡಿ ಹೋಗುತ್ತದೆ. ಇದನ್ನು ತುಂಬುವುದಕ್ಕೇ ದಿರ್ಹಂ 24 ಪೈಸೆ ಏರಬೇಕು. ಅಷ್ಟು ಏರಬೇಕಾದರೆ ಡಾಲರ್ ಒಂದೇ ತಿಂಗಳಲ್ಲಿ ಸುಮಾರು 87 ಪೈಸೆ ಮೇಲೆ ಹೋಗಬೇಕು. ಹೋಗಬಹುದು, ಹೋಗದೆಯೂ ಇರಬಹುದು. ಬಡ್ಡಿ ಮಾತ್ರ ಹೋಗಿಯೇ ಹೋಗುತ್ತದೆ. ಸಾಲ ಇರುವ ಮನೆಯವರು ಕಾಯಬಾರದು ಎಂಬುದು ನನ್ನ ಅಭಿಪ್ರಾಯ.

ಸಾಲವಿಲ್ಲ, ಹಣ ಸದ್ಯಕ್ಕೆ ಬೇಕಾಗಿಯೂ ಇಲ್ಲ ಎನ್ನುವವರ ಮಾತು ಬೇರೆ. ಮಗ ತನ್ನ ಹೆಸರಿನಲ್ಲಿ ನಮ್ಮ ಬ್ಯಾಂಕಿನಲ್ಲೇ ಅನಿವಾಸಿ ಭಾರತೀಯರಿಗೆಂದು ಇರುವ ಎಫ್‌ಸಿಎನ್‌ಆರ್ ಠೇವಣಿ ಇಡಬಹುದು. ಅದರಲ್ಲಿ ಹಣ ವಿದೇಶಿ ನಾಣ್ಯವಾಗಿಯೇ ಇರುತ್ತದೆ, ಅವಧಿ ಒಂದರಿಂದ ಐದು ವರ್ಷ.

ಕಂತು ಕಟ್ಟುವಾಗ ಕೆಳಗಿನ ದರ ಹಿಡಿಯಿರಿ

ರೇಟ್ ಏರುತ್ತಲೇ ಇರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿದ ಮೇಲಂತೂ ಕೇಳುವುದೇ ಬೇಡ. ಆದರೆ 2013ರ ಆಗಸ್ಟ್ ನೆನಪಿದೆಯೇ? ಡಾಲರ್ ಏಕ್‌ದಂ 68 ದಾಟಿತ್ತು, ದಿರ್ಹಂ ಹದಿನೆಂಟೂವರೆಯ ಮೇಲೆ ಹೋಗಿತ್ತು. 2014ರ ಮೇ ಹೊತ್ತಿಗೆ ಡಾಲರ್ 59ರ ಆಸುಪಾಸಿಗೆ ಇಳಿಯಿತು. ದಿರ್ಹಂ 16ಕ್ಕೆ ಬಂತು. 2,000 ದಿರ್ಹಂ ಕಳಿಸುತ್ತಿದ್ದ ಮಗ ಅಷ್ಟನ್ನೇ ಕಳಿಸಿದರೂ ಮನೆಗೆ ತಿಂಗಳಿಗೆ ಸುಮಾರು 5,000 ರೂಪಾಯಿ ಕಡಿಮೆ ಬಂತು. ಆಗಸ್ಟಿನ ದರ ನಂಬಿ ಹೊಸ ಕಂತು ಹೊತ್ತವರಿಗೆ ಆ ಬೇಸಿಗೆ ಕಷ್ಟದ್ದೇ ಆಗಿರಬೇಕು.

ಹೀಗಾಗಿ ಹೊಸ ಸಾಲಕ್ಕೆ ಸಹಿ ಹಾಕುವ ಮುಂಚೆ, ಇವತ್ತಿನ ದರದಲ್ಲಿ ಅಲ್ಲ, ಅದಕ್ಕಿಂತ ನೂರಕ್ಕೆ ಹತ್ತು ಕಡಿಮೆ ದರದಲ್ಲಿ ಲೆಕ್ಕ ಹಾಕಿ. ನಮ್ಮ ಉದಾಹರಣೆಯ 23.80 ಬದಲು 21.40 ಎಂದು ಹಿಡಿದರೆ 2,000 ದಿರ್ಹಂಗೆ 42,800 ರೂಪಾಯಿ. ಕಂತು, ಅಡುಗೆಮನೆ, ತೋಟ ಈ ಮೊತ್ತದೊಳಗೆ ಕುಳಿತರೆ ಮುಂದುವರಿಯಿರಿ. ರೇಟ್ ಚೆನ್ನಾಗಿರುವ ತಿಂಗಳು ಮೇಲೆ ಬರುವ ಹಣವನ್ನು ಸಾಲದ ಅಸಲಿಗೇ ಕಟ್ಟಿಬಿಡಿ. ಬ್ಯಾಂಕಿನಲ್ಲಿ ಮಾತ್ರ 'ಇದು ಅಸಲಿಗೆ' ಎಂದು ಬಾಯಿಬಿಟ್ಟು ಹೇಳಿ, ರಸೀದಿಯಲ್ಲೂ ಬರೆಸಿಕೊಳ್ಳಿ. ಹೇಳದಿದ್ದರೆ ಕೆಲವು ಕಡೆ ಅದನ್ನು ಮುಂದಿನ ಕಂತಿಗೆ ಮುಂಗಡ ಎಂದು ಜಮಾ ಮಾಡಿಕೊಂಡು ಸುಮ್ಮನಾಗುತ್ತಾರೆ.