ಬೂಷ್ಟು ತಿಂದ ಚಿತ್ರವನ್ನು ಮಾತಿನಲ್ಲಿ ಕಟ್ಟಿದ್ದು

ಶಿವಮೊಗ್ಗದ ನಮ್ಮ ಮನೆಯಲ್ಲಿ ಸಂಜೆ ಚಿತ್ರಕಲೆಯ ತರಗತಿ ನಡೆಸುತ್ತೇನೆ. ಶಿಷ್ಯೆಯೊಬ್ಬಳು ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ಲಾಂಚ್ ದಡವನ್ನು ಜಲವರ್ಣದಲ್ಲಿ ಬರೆದಿದ್ದಳು. ಮಳೆಗಾಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟ ಕಾಗದಕ್ಕೆ ಬೂಷ್ಟು ಹಿಡಿದು, ಬಿಡಿಸುವಾಗ ಪದರ ಪದರವಾಗಿ ಹರಿಯಿತು. ಫೋಟೊ ತೆಗೆದಿರಲಿಲ್ಲ. ಅದೇ ನೋಟಕ್ಕೆ ಮತ್ತೆ ಹೋಗಿ ಕೂರುವಂತೆಯೂ ಇಲ್ಲ, 2025ರ ಜುಲೈಯಿಂದ ಅಲ್ಲಿ ಸೇತುವೆ ಇದೆ. ಅವಳಿಗೆ ಆ ಚಿತ್ರವನ್ನು ಇನ್ನೊಮ್ಮೆ ಬರೆಯಬೇಕಿತ್ತು. ಬರೆಯುವ ಮೊದಲು ಹಳೆಯದರಲ್ಲಿ ಏನು ಸರಿಯಿತ್ತು, ಏನು ಸರಿಯಿರಲಿಲ್ಲ ಎಂದು ಸಾಗರದ ಹಿರಿಯ ಕಲಾವಿದರೊಬ್ಬರಿಂದ ವಿಮರ್ಶೆ ಬೇಕಿತ್ತು. ಅವರು ಚಿತ್ರವನ್ನು ನೋಡಿಯೇ ಇರಲಿಲ್ಲ. ಹಾಗಾಗಿ ಮಾತಿನಲ್ಲೇ ಕಳುಹಿಸಿದೆವು.

ನಾನೂ ಆ ಚಿತ್ರವನ್ನು ತರಗತಿಯ ಗೋಡೆಯ ಮೇಲೆ ನೋಡಿದ್ದೆ. ಆದರೆ ಇಬ್ಬರೂ ಮಾತಾಡಿಕೊಳ್ಳುವ ಮೊದಲೇ ನೆನಪಿದ್ದನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಂಡೆವು. ಇದನ್ನು ನಾನು ಬಹಳ ಮುಖ್ಯವೆಂದು ನಂಬಿದ್ದೇನೆ. ಒಮ್ಮೆ ಮಾತು ಶುರುವಾದರೆ ಒಬ್ಬರ ನೆನಪು ಇನ್ನೊಬ್ಬರ ನೆನಪಿಗೆ ಬಣ್ಣ ಹಚ್ಚುತ್ತದೆ, ಆಮೇಲೆ ಯಾವುದು ಯಾರದ್ದು ಎಂದು ಬಿಡಿಸಲು ಬರುವುದಿಲ್ಲ. ಎರಡು ಹಾಳೆಯಲ್ಲೂ ಒಂದೇ ಆಗಿದ್ದನ್ನು ಖಚಿತವೆಂದು, ಒಂದರಲ್ಲಿ ಮಾತ್ರ ಇದ್ದದ್ದನ್ನು ಅನುಮಾನವೆಂದು ಗುರುತು ಹಾಕಿ ಕಳುಹಿಸಿದೆವು.

ಸಂಯೋಜನೆಯನ್ನು ಬರೆಯುವಾಗ ವಸ್ತುಗಳ ಹೆಸರನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. 'ದಡ, ನೀರು, ಲಾಂಚ್, ಗುಡ್ಡ' ಎಂದು ಪಟ್ಟಿ ಕೊಟ್ಟರೆ ಓದುವವರು ತಾವು ಕಂಡ ಹೊಳೆಬಾಗಿಲನ್ನೇ ಕಲ್ಪಿಸಿಕೊಳ್ಳುತ್ತಾರೆ, ಚಿತ್ರವನ್ನಲ್ಲ. ನಾವು ಮೊದಲು ಕಾಗದವನ್ನು ಹೇಳಿದೆವು: ಅಡ್ಡವಾಗಿ ಇಟ್ಟ ಅರ್ಧ ಹಾಳೆ, 22 ಇಂಚು ಅಗಲ, 15 ಇಂಚು ಎತ್ತರ. ಎಡ, ಬಲ ಎಂದರೆ ನೋಡುವವರ ಎಡ, ಬಲ ಎಂದು ಮೊದಲ ಸಾಲಿನಲ್ಲೇ ಬರೆದೆವು. ಬಳಿಕ ಅದೇ ಅಳತೆಯ ಪ್ರಮಾಣದಲ್ಲಿ ಖಾಲಿ ಚೌಕಟ್ಟು ಎಳೆದು, ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಭಾಗ ಮಾಡಿ, ಆಕಾರಗಳು ಅಂಚನ್ನು ಎಲ್ಲೆಲ್ಲಿ ಮುಟ್ಟುತ್ತವೆ ಎಂದು ಹುಡುಕಿದೆವು. ಕೆಂಪು ದಡ ಎಡ ಅಂಚಿನಲ್ಲಿ ಕೆಳಗಿನಿಂದ ಮೂರನೇ ಒಂದು ಎತ್ತರದಲ್ಲಿ ಆರಂಭವಾಗಿ, ಓರೆಯಾಗಿ ಇಳಿದು, ಕೆಳ ಅಂಚನ್ನು ಎಡದಿಂದ ಮೂರನೇ ಎರಡು ದೂರದಲ್ಲಿ ಮುಟ್ಟುತ್ತದೆ. ಗುಡ್ಡದ ಬುಡ ಮೇಲಿನ ಮೂರನೇ ಒಂದರ ಗೆರೆಯ ಮೇಲೆ ಇದೆ. ಅಲ್ಲೇ, ಬಲ ಭಾಗದಲ್ಲಿ, ಬಿಳಿ ಲಾಂಚ್ ಬಲಕ್ಕೆ ಮುಖ ಮಾಡಿದೆ. ಅದರಾಚೆ, ಬಲ ಅಂಚಿನ ಹತ್ತಿರ, ಹಿನ್ನೀರಿನಲ್ಲಿ ನಿಂತ ಮೂರು ಒಣಮರಗಳು. ಅಂಚು ಮುಟ್ಟುವ ಜಾಗಗಳು ಸಿಕ್ಕಿದ ಮೇಲೆ ನಡುವಿನದೆಲ್ಲ ತಾನಾಗಿ ನೆನಪಿಗೆ ಬಂತು.

ಬಣ್ಣಕ್ಕೆ ಮೊದಲು ಕಪ್ಪು-ಬಿಳುಪಿನ ಮಟ್ಟ. ಬರಿಯ ಕಾಗದಕ್ಕೆ 1, ಅತಿ ಗಾಢಕ್ಕೆ 5 ಎಂದು ಇಟ್ಟುಕೊಂಡೆವು. ಆಕಾಶ 2, ಮಂಜು ಮುಚ್ಚಿದ ಗುಡ್ಡ 2, ನೀರು 3, ದಡ 4, ದಡದ ಎಡಮೂಲೆಯ ನೆರಳು 5, ಲಾಂಚ್ 1. ಆ ನೆರಳಿಗೆ ತಗುಲಿಕೊಂಡೇ ಮಳೆನೀರಿನ ಸಣ್ಣ ಹೊಂಡವೊಂದಿತ್ತು, ಅದೂ ಬಣ್ಣ ಮುಟ್ಟಿಸದೆ ಬಿಟ್ಟ ಕಾಗದ, 1. ಯಾವ ಮಟ್ಟ ಯಾವುದರ ಪಕ್ಕ ಕೂತಿದೆ ಎಂಬುದನ್ನೂ ಬರೆದೆವು. ವಿಮರ್ಶಕನಿಗೆ ಬೇಕಾದದ್ದು ಇದೇ.

ಬಣ್ಣದಲ್ಲಿ ನಮ್ಮಿಬ್ಬರ ಹಾಳೆಗಳು ಕೂಡಿ ತಪ್ಪು ಸಾಕ್ಷಿ ಹೇಳಿದವು. ನೀರು ಹಸಿರಾಗಿತ್ತು ಎಂದು ಇಬ್ಬರೂ ಬರೆದಿದ್ದೆವು. ಅವಳ ಪ್ಯಾಲೆಟ್ ಅದೃಷ್ಟಕ್ಕೆ ತೊಳೆದಿರಲಿಲ್ಲ. ಮಿಶ್ರಣದ ಜಾಗದಲ್ಲಿ ಒಣಗಿ ಉಳಿದಿದ್ದದ್ದು ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಕೂಡಿಸಿದ ಬೂದು. ಹಸಿರಿನ ಗುಳಿ ಹೊಸದಾಗಿಯೇ ಇತ್ತು. ಬಣ್ಣ ಹಚ್ಚಿ ಪರೀಕ್ಷಿಸಿದ ತುಂಡು ಕಾಗದದಲ್ಲೂ ಹಸಿರಿಲ್ಲ. ಹಾಗಾದರೆ ಇಬ್ಬರೂ ಕಂಡ ಹಸಿರು ಎಲ್ಲಿಂದ ಬಂತು? ಪಕ್ಕದ ಕೆಂಪು ದಡದಿಂದ. ಕೆಂಪಿನ ಬದಿಯಲ್ಲಿಟ್ಟ ಬೂದು ಕೆಂಪಿನ ಎದುರು ಬಣ್ಣವಾದ ಹಸಿರಿನ ಕಡೆಗೆ ವಾಲಿ ಕಾಣುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೆಲ್, ನೇಯ್ಗೆಯ ನೂಲುಗಳ ಬಣ್ಣ ಪರೀಕ್ಷಿಸುತ್ತ, 1839ರಲ್ಲಿಯೇ ಇದನ್ನು ವಿವರವಾಗಿ ಬರೆದಿಟ್ಟ. ನಾವು ಕಾಗದಕ್ಕೆ ಎರಡನ್ನೂ ಬರೆದೆವು: 'ಹಚ್ಚಿದ್ದು ಬೂದು, ಕಂಡದ್ದು ಹಸಿರು ಛಾಯೆ.' ಎರಡರಲ್ಲಿ ಒಂದನ್ನು ಬಿಟ್ಟಿದ್ದರೂ ಓದುವವರು ದಾರಿ ತಪ್ಪುತ್ತಿದ್ದರು.

ಅಂದಿನಿಂದ ಕಳೆದುಹೋದ ಚಿತ್ರದ ಬಣ್ಣ ಕೇಳುವಾಗ 'ಯಾವ ಬಣ್ಣ ಇತ್ತು' ಎಂದು ಕೇಳುವುದಿಲ್ಲ. 'ಯಾವ ಟ್ಯೂಬ್ ಹಿಂಡಿದೆ, ಯಾವುದಕ್ಕೆ ಎಷ್ಟು ನೀರು ಬೆರೆಸಿದೆ' ಎಂದು ಕೇಳುತ್ತೇನೆ. ಕೈಯ ನೆನಪು ಕಣ್ಣಿನ ನೆನಪಿಗಿಂತ ನಂಬಲರ್ಹ. ಕಣ್ಣಿನ ನೆನಪಿನಲ್ಲಿ ಬಣ್ಣಗಳು ಇದ್ದದ್ದಕ್ಕಿಂತ ತೀವ್ರವಾಗುತ್ತವೆ. ಕೆಂಪುಮಣ್ಣು ಎಂಬ ಮಾತು ತಲೆಯಲ್ಲಿದ್ದರೆ ಸಾಕು, ಮಳೆಯಲ್ಲಿ ನೆನೆದು ಕಂದಾದ ದಡವೂ ಕುಂಕುಮವಾಗುತ್ತದೆ. ಆದ್ದರಿಂದ ನೆನಪು ಹೇಳಿದ ತೀವ್ರತೆಯನ್ನು ಒಂದು ಮೆಟ್ಟಿಲು ಇಳಿಸಿಯೇ ಬರೆದೆವು.

ಭಾವದ ಮಾತು ಕೊನೆಗೆ. 'ಒಂಟಿತನ ಸರ್' ಎಂದಳು. ಆ ಪದದಿಂದ ವಿಮರ್ಶಕರಿಗೆ ಏನೂ ದಕ್ಕುವುದಿಲ್ಲ, ಕಾಗದದ ಮೇಲೆ ಅದಕ್ಕೆ ಕಾರಣ ತೋರಿಸು ಎಂದೆ. ಲಾಂಚಿನಲ್ಲಿ ಜನರಿಲ್ಲ, ದಡಕ್ಕೂ ಲಾಂಚಿಗೂ ನಡುವೆ ಕಾಗದದ ಮಧ್ಯಭಾಗವೆಲ್ಲ ಬರಿಯ ನೀರು ಎಂದಳು. ಸರಿ, ಅವೆರಡು ಚಿತ್ರದಲ್ಲಿವೆ. ಒಣಮರಗಳನ್ನೂ ಹೇಳಿದಳು. ಅವು ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರಗಳು, ಅವಳ ಅಜ್ಜಿಯ ಊರೂ ಅದೇ ನೀರಿನಡಿ ಇದೆ. ಆ ನೋವು ನಿಜ. ಆದರೆ ಅದನ್ನು ತಿಳಿಯದವರಿಗೆ ಅವು ಮೂರು ನೇರ ಗೆರೆಗಳಷ್ಟೇ. ಹಾಗಾಗಿ 'ಚಿತ್ರದಲ್ಲಿ ಇರುವುದು' ಮತ್ತು 'ಬರೆದವಳಿಗೆ ಗೊತ್ತಿರುವುದು' ಎಂದು ಎರಡು ಪ್ಯಾರಾ ಮಾಡಿದೆವು.

ಕಳುಹಿಸುವ ಮೊದಲು, ಚಿತ್ರ ನೋಡದ ಇನ್ನೊಬ್ಬ ಶಿಷ್ಯನಿಗೆ ಓದಿ ಹೇಳಿ ಪೆನ್ಸಿಲಿನಲ್ಲಿ ಅಂಗೈಯಗಲದ ಕರಡು ಮಾಡಿಸಿದೆ. ಅವನ ಲಾಂಚ್ ಕಾಗದದ ಅರ್ಧದಷ್ಟು ಅಗಲ ಬಂತು. ನಮ್ಮ ಬರಹದಲ್ಲಿ ಜಾಗವಿತ್ತು, ಗಾತ್ರವಿರಲಿಲ್ಲ. 'ಲಾಂಚಿನ ಉದ್ದ, ಕಾಗದದ ಅಗಲದ ಆರನೇ ಒಂದು' ಎಂದು ಸೇರಿಸಿದ ಮೇಲೆ ಅವನ ಎರಡನೇ ಕರಡನ್ನು ನೋಡಿ ಅವಳು 'ಹೌದು, ಹೀಗೇ ಇತ್ತು' ಎಂದಳು.

ಸಾಗರದಿಂದ ಫೋನು ಬಂತು. ಹಿರಿಯರು ನಮ್ಮ ಅಂಕಿಗಳನ್ನೇ ಹಿಡಿದು ಮಾತಾಡಿದರು. "ಲಾಂಚ್ 1, ಅದರ ಹಿಂದಿನ ಮಂಜು 2. ಮುಖ್ಯ ವಸ್ತು ಹಿನ್ನೆಲೆಯಲ್ಲಿ ಕರಗಿದೆ. ಎಡಮೂಲೆಯಲ್ಲಿ 5ರ ಪಕ್ಕ 1 ಇದೆ, ಕಣ್ಣು ಆ ಹೊಂಡದಲ್ಲೇ ಕೂರುತ್ತದೆ. ಅಲ್ಲಿಂದ ಎದ್ದರೂ ದಡದ ಓರೆ ಅದನ್ನು ಕೆಳ ಅಂಚಿಗೆ ಇಳಿಸುತ್ತದೆ, ಲಾಂಚಿನ ಮುಖ ಬಲ ಅಂಚಿನಿಂದ ಹೊರಗೆ ಕಳುಹಿಸುತ್ತದೆ." ಹೊಂಡವನ್ನು 3ಕ್ಕೆ ಏರಿಸಿ, ಲಾಂಚಿನ ಹಿಂದಿನ ಗುಡ್ಡದ ತುಂಡನ್ನು ಮಾತ್ರ 4ಕ್ಕೆ ಏರಿಸಿ, ಲಾಂಚನ್ನು ಎಡಕ್ಕೆ ತಿರುಗಿಸಲು ಹೇಳಿದರು. ಒಣಮರಗಳು ಆಗ ಅದರ ಬೆನ್ನಿಗೆ ಬರುತ್ತವೆ. ನೀರಿನ ಬೂದನ್ನು ಮುಟ್ಟಬೇಡಿ, ದಡವೇ ಅದಕ್ಕೆ ಹಸಿರು ಕೊಡುತ್ತಿದೆ ಎಂದರು.

ಮಂಜಿಗೆ ಹಚ್ಚಿದ ತೆಳು ಬಣ್ಣ ಹೇಗಿತ್ತು, ಅಂಚುಗಳು ಕರಗಿದ್ದವೋ ಗಡುಸಾಗಿದ್ದವೋ ಎಂದು ನಾನೇ ಕೇಳಿದೆ. ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಎಂದು ನಾವು ಬರೆದದ್ದು ವಿಧಾನವನ್ನು ಹೇಳುತ್ತದೆ, ಫಲವನ್ನಲ್ಲ, ಅದರ ಬಗ್ಗೆ ಕಾಣದೆ ಏನೂ ಹೇಳುವುದಿಲ್ಲ ಎಂದು ಅವರು ಉತ್ತರಿಸಿದರು. ಹೊಸ ಚಿತ್ರವನ್ನು ಬರೆದು ಒಣಗಿದ ಮೇಲೆ ಅದಕ್ಕಾಗಿ ಕಾಗದವನ್ನೇ ಸಾಗರಕ್ಕೆ ಒಯ್ಯಬೇಕಿದೆ.