ಆರು ತಿಂಗಳ ರಜೆಗೆ ಹೋಗುವ ಮುನ್ನ: ಲೆಕ್ಕಪತ್ರದ ಮೇಜಿನಿಂದ ಚಾರ್ಜ್ ಕೊಡುವ ಟಿಪ್ಪಣಿ

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯ ಲೆಕ್ಕಪತ್ರ ವಿಭಾಗವನ್ನು ಊಹಿಸಿಕೊಳ್ಳಿ. ಇರುವುದು ಇಬ್ಬರೇ. ಹಿರಿಯಳು ಡಿಸೆಂಬರ್ 1ರಿಂದ ಹೆರಿಗೆ ರಜೆಗೆ ಹೋಗುತ್ತಾಳೆ. ಕಾನೂನಿನಂತೆ 26 ವಾರ, ಅಂದರೆ ಮೇ 31ರವರೆಗೆ. ಇಷ್ಟು ದಿನ ಬಿಲ್ಲು ಬರೆಯುತ್ತಿದ್ದ, ಬ್ಯಾಂಕಿಗೆ ಓಡಾಡುತ್ತಿದ್ದ ಕಿರಿಯ ಹುಡುಗ ಆ ಕುರ್ಚಿಯಲ್ಲಿ ಕೂರುತ್ತಾನೆ. ಅವನ ಕೈಗೆ ಏನು ಬರೆದುಕೊಡಬೇಕು?

ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು, ಸಂಬಳ ಮಾಡುವುದು, ಪಾರ್ಟಿಗಳ ಬಾಕಿ ನೋಡುವುದು.’ ಇದು ಅವನಿಗೆ ಗೊತ್ತೇ ಇದೆ. ಪಕ್ಕದ ಮೇಜಿನಲ್ಲಿ ಕೂತವನಿಗೆ ನಿಮ್ಮ ಕೆಲಸದ ಹೆಸರುಗಳು ಬೇಕಿಲ್ಲ. ಯಾವುದು ಯಾವ ದಿನ ತಾನಾಗಿ ಎದುರಾಗುತ್ತದೆ, ಯಾವುದು ಅರ್ಧದಲ್ಲಿ ನಿಂತಿದೆ, ಯಾವ ಬಾಗಿಲಿನ ಕೀಲಿ ಇನ್ನೂ ನಿಮ್ಮ ಬಳಿಯೇ ಇದೆ, ಈ ಮೂರು ಅವನಿಗೆ ಬೇಕು.

ಮೊದಲು ಕ್ಯಾಲೆಂಡರ್ ಬಿಚ್ಚಿ

ಗೋಡೆಯ ಕ್ಯಾಲೆಂಡರನ್ನೇ ತೆಗೆದುಕೊಂಡು ರಜೆಯ ಆರು ತಿಂಗಳ ಮೇಲೆ ಗುರುತು ಹಾಕುತ್ತ ಹೋಗಿ. ತಿಂಗಳ ತಾರೀಖುಗಳು ಸುಲಭ: 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಇವುಗಳ ಎದುರು ತಪ್ಪಿದರೆ ಏನಾಗುತ್ತದೆ ಎಂದು ಒಂದೊಂದು ಸಾಲು ಬರೆಯಿರಿ, ಏಕೆಂದರೆ ಎಲ್ಲ ತಾರೀಖುಗಳ ತೂಕ ಒಂದೇ ಅಲ್ಲ. ಜಿಎಸ್‌ಟಿ ಒಂದು ದಿನ ತಡವಾದರೆ ತಡ ಶುಲ್ಕ, ಬಡ್ಡಿ ಕಟ್ಟಿ ಮುಗಿಸಬಹುದು. ಕಾರ್ಮಿಕರ ಸಂಬಳದಿಂದ ಹಿಡಿದ ಪಿಎಫ್ ಹಣ ನಮ್ಮದಲ್ಲ, ಅವರದು. 2026ರ ಮಾರ್ಚ್‌ವರೆಗಿನ ನಿಯಮದಲ್ಲಿ ಅದನ್ನು 16ಕ್ಕೆ ಕಟ್ಟಿದರೆ ಆ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವ ಹಕ್ಕೇ ಹೋಗುತ್ತಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿತ್ತು. ಒಂದೇ ವಾರದಲ್ಲಿ ಎರಡೂ ಬಂದು, ಹಣ ಒಂದಕ್ಕೆ ಮಾತ್ರ ಸಾಲುವಂತಿದ್ದರೆ ಯಾವುದನ್ನು ಮೊದಲು ಕಟ್ಟಬೇಕೆಂದು ಹುಡುಗನಿಗೆ ಆ ಸಾಲೇ ಹೇಳುತ್ತದೆ.

ವರ್ಷಕ್ಕೆ ಒಮ್ಮೆ ಬರುವ ತಾರೀಖುಗಳೇ ಅಪಾಯದವು. ಹುಡುಗ ಅವನ್ನು ನೋಡಿರುವುದಿಲ್ಲ, ನೀವು ಮರೆತಿರುತ್ತೀರಿ. ಡಿಸೆಂಬರ್‌ನಿಂದ ಮೇವರೆಗಿನ ರಜೆಯಲ್ಲಿ ಅವು ಗುಂಪಾಗಿಯೇ ಬರುತ್ತವೆ. ಡಿಸೆಂಬರ್ 31ಕ್ಕೆ ಜಿಎಸ್‌ಟಿ ವಾರ್ಷಿಕ ರಿಟರ್ನ್. ಮಾರ್ಚ್ 31ಕ್ಕೆ ವರ್ಷಾಂತ್ಯ. ಮರುದಿನ ಇನ್‌ವಾಯ್ಸ್‌ಗಳಿಗೆ ಹೊಸ ಸರಣಿ. ತೆರಿಗೆ ಕಟ್ಟದೆ ರಫ್ತು ಮಾಡುವವರಾದರೆ ಹೊಸ ವರ್ಷದ ಎಲ್‌ಯುಟಿ. ಮಾರ್ಚ್ ತಿಂಗಳ ಟಿಡಿಎಸ್‌ಗೆ ಮಾತ್ರ 7ರ ಬದಲು ಏಪ್ರಿಲ್ 30. ಕೊನೆಯ ತ್ರೈಮಾಸಿಕದ ಟಿಡಿಎಸ್ ರಿಟರ್ನ್ ಮೇ 31ಕ್ಕೆ, ಅಂದರೆ ರಜೆಯ ಕೊನೆಯ ದಿನಕ್ಕೆ. ‘ಅಕ್ಕ ಬಂದ ಮೇಲೆ ನೋಡೋಣ’ ಎಂದು ಅದನ್ನು ಇಟ್ಟುಕೊಳ್ಳುವುದು ಸಹಜ. ಆದ್ದರಿಂದ ಅದರ ಎದುರು ಕೆಂಪು ಶಾಯಿಯಲ್ಲಿ ‘ನನಗಾಗಿ ಕಾಯಬೇಡ’ ಎಂದು ಬರೆಯಿರಿ.

ಅರ್ಧದಲ್ಲಿ ನಿಂತ ಕೆಲಸ

ಟಿಪ್ಪಣಿಯ ಅರ್ಧದಷ್ಟು ಪುಟಗಳನ್ನು ಇದಕ್ಕೇ ಕೊಡಬೇಕೆಂಬುದು ನನ್ನ ಅಭಿಪ್ರಾಯ. ರಿಟರ್ನ್ ತಪ್ಪಿದರೆ ಪೋರ್ಟಲ್ ಸಂದೇಶ ಕಳುಹಿಸುತ್ತದೆ, ಲೆಕ್ಕಪರಿಶೋಧಕರು ಫೋನ್ ಮಾಡುತ್ತಾರೆ. ಅರ್ಧದಲ್ಲಿ ನಿಂತ ಕೆಲಸದ ಬಗ್ಗೆ ಯಾರೂ ಕೇಳುವುದಿಲ್ಲ.

ಬೆಳಗಾವಿಯ ಫೌಂಡ್ರಿಗಳಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆಯನ್ನೇ ನೋಡೋಣ. ಇಲ್ಲಿ ಎರಕ ಹೊಯ್ದ ಮಾಲು ಮಷೀನಿಂಗ್‌ಗೆಂದು ಕೊಲ್ಹಾಪುರಕ್ಕೆ ಹೋಗುತ್ತದೆ. ಜಾಬ್‌ವರ್ಕ್ ಆದ್ದರಿಂದ ತೆರಿಗೆ ಇಲ್ಲದೆ ಡೆಲಿವರಿ ಚಲನ್ ಮೇಲೆ ಹೋಗುತ್ತದೆ. ಆದರೆ ಹಾಗೆ ಹೋದ ಮಾಲು ಒಂದು ವರ್ಷದೊಳಗೆ ಮರಳಿ ಬರಬೇಕು, ಇಲ್ಲವೇ ಜಾಬ್‌ವರ್ಕರ್‌ನ ಜಾಗದಿಂದಲೇ ನಿಯಮದಂತೆ ಮಾರಾಟವಾಗಿರಬೇಕು. ಎರಡೂ ಆಗದಿದ್ದರೆ ಕಳುಹಿಸಿದ ದಿನವೇ ಅದನ್ನು ಮಾರಿದಂತೆ ಲೆಕ್ಕ. ತೆರಿಗೆಯನ್ನೂ ಹಿಂದಿನ ದಿನಗಳ ಶೇ 18 ಬಡ್ಡಿಯನ್ನೂ ಕಟ್ಟಬೇಕು. ಅಚ್ಚು, ಜಿಗ್, ಫಿಕ್ಸ್ಚರ್‌ಗಳಿಗೆ ಈ ಗಡುವು ಇಲ್ಲ. ಈ ಚಲನ್‌ಗಳ ವಿವರ ಐಟಿಸಿ-04 ನಮೂನೆಯಲ್ಲಿ ಹೋಗುತ್ತದೆ. ಅಕ್ಟೋಬರ್–ಮಾರ್ಚ್ ಅವಧಿಯ ನಮೂನೆಗೆ ಕೊನೆಯ ದಿನ ಏಪ್ರಿಲ್ 25.

ಈಗ ಹಿರಿಯಳ ಕಡತದಲ್ಲಿ ಒಂದು ಚಲನ್ ಇದೆ ಎಂದುಕೊಳ್ಳಿ. ಏಪ್ರಿಲ್ 18ರಂದು 200 ಪಂಪ್ ಬಾಡಿ ಹೋಗಿವೆ. ನವೆಂಬರ್‌ವರೆಗೆ 161 ಮರಳಿವೆ. 7ರಲ್ಲಿ ಗಾಳಿರಂಧ್ರ ಕಂಡು ತಿರಸ್ಕೃತವಾಗಿ ಅಲ್ಲೇ ಬಿದ್ದಿವೆ. ಉಳಿದ 32 ಇನ್ನೂ ಆಗಬೇಕು. ‘ಜಾಬ್‌ವರ್ಕ್ ಬಾಕಿ ನೋಡಿಕೊಳ್ಳುವುದು’ ಎಂದು ಬರೆದರೆ ಹುಡುಗ ಟ್ಯಾಲಿಯಲ್ಲಿ 39 ಎಂಬ ಸಂಖ್ಯೆ ನೋಡಿ ಸುಮ್ಮನಾಗುತ್ತಾನೆ. ಬರೆಯಬೇಕಾದದ್ದು ಹೀಗೆ:

> ಏಪ್ರಿಲ್ 18ರ ಚಲನ್: 200 ಹೋಗಿದೆ, 161 ಬಂದಿದೆ, 7 ರಿಜೆಕ್ಟ್, 32 ಬಾಕಿ. ಏಪ್ರಿಲ್ 17ರೊಳಗೆ ಪೂರ್ತಿ ಮುಗಿಯಬೇಕು. ರಿಜೆಕ್ಟ್ ಆದ 7 ಕೂಡ ಮರಳಿ ಬರಬೇಕು. ‘ಹಾಳಾದವು’ ಎಂದು ಬಿಡಬೇಡ, ಕರಗಿಸಲು ನಮಗೇ ಬೇಕು. ಫೆಬ್ರುವರಿ ಮೊದಲ ವಾರ ಕೊಲ್ಹಾಪುರಕ್ಕೆ ಫೋನ್ ಮಾಡು. ಮಧ್ಯಾಹ್ನ ಮಾಡಿದರೆ ಅಣ್ಣಾವರೇ ಸಿಗುತ್ತಾರೆ, ಬೆಳಿಗ್ಗೆ ಮಷೀನ್ ಮೇಲಿರುತ್ತಾರೆ. ಮಾರ್ಚ್ 15ಕ್ಕೂ ಬಂದಿರದಿದ್ದರೆ ಸಾಹೇಬರಿಗೆ ಹೇಳು; ಮಷೀನಿಂಗ್ ಆಗದಿದ್ದರೂ ಹಾಗೆಯೇ ಮರಳಿ ತರಿಸಲಿ.

ಈ ಟಿಪ್ಪಣಿಯಲ್ಲಿ ಸಂಖ್ಯೆ, ಗಡುವು, ಮೊದಲ ಫೋನ್‌ನ ದಿನ, ಯಾರೊಡನೆ ಮಾತಾಡಬೇಕು, ಆಗದಿದ್ದರೆ ಏನು ಎಂಬುದೆಲ್ಲ ಇದೆ. ಗಡುವಿಗಿಂತ ಒಂದು ತಿಂಗಳು ಮೊದಲೇ ಸಾಹೇಬರ ಕಿವಿಗೆ ಹೋಗುತ್ತದೆ. ‘ಹಾಗೆಯೇ ತರಿಸಲಿ’ ಎಂಬ ಕೊನೆಯ ಮಾತು ಹುಡುಗನಿಗೆ ಹೊಳೆಯುವುದಿಲ್ಲ, ಏಕೆಂದರೆ ಅದು ಅನುಭವದಿಂದ ಬಂದದ್ದು. ಅಂಥ ಮಾತುಗಳೇ ಟಿಪ್ಪಣಿಯಲ್ಲಿ ಇರಬೇಕು.

ಇನ್ನೊಂದು ಸೂಕ್ಷ್ಮವನ್ನೂ ಬರೆಯಬೇಕಾಗುತ್ತದೆ. ಅದೇ ಪಂಪ್ ಬಾಡಿ ಆಗಸ್ಟ್‌ನಲ್ಲೂ ಇನ್ನೊಂದು ಚಲನ್ ಮೇಲೆ ಹೋಗಿರುತ್ತದೆ. ಮರಳುವ ಮಾಲಿನ ಕಾಗದದ ಮೇಲೆ ನಮ್ಮ ಚಲನ್ ಸಂಖ್ಯೆ ಬರೆಯಲು ಆ ಕಡೆಯವರು ಮರೆತರೆ, ಸ್ಟೋರ್‌ನವರು ಅದನ್ನು ಕಣ್ಣೆದುರಿಗಿರುವ ಹೊಸ ಚಲನ್‌ಗೆ ಜಮಾ ಮಾಡುತ್ತಾರೆ. ಮಾಲು ಬಂದಿರುತ್ತದೆ, ಹಳೆಯ ಚಲನ್ ಮಾತ್ರ ಕಾಗದದಲ್ಲಿ ತೆರೆದೇ ಇರುತ್ತದೆ. ಗುರುತಿಸುವುದು ಹೇಗೆ? ಜಾಬ್‌ವರ್ಕರ್ ಬಳಿ ಇರುವ ಒಟ್ಟು ಸಂಖ್ಯೆ ಅವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಸರಿಹೊಂದುತ್ತದೆ. ಚಲನ್‌ವಾರು ನೋಡಿದರೆ ಮಾತ್ರ ಹೊಂದುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಒಟ್ಟು ಸಂಖ್ಯೆಯನ್ನಲ್ಲ, ಪ್ರತಿ ಚಲನ್‌ನ ಬಾಕಿಯನ್ನು ತಾಳೆ ನೋಡಬೇಕು ಎಂದು ಬರೆಯಿರಿ.

ಇದೇ ರೀತಿ ಅರ್ಧದಲ್ಲಿರುವ ಇತರ ವಿಷಯಗಳನ್ನೂ ಹುಡುಕಿ: ತಕರಾರಿನಲ್ಲಿರುವ ಬಿಲ್, ಉತ್ತರ ಕೊಡಬೇಕಾದ ನೋಟಿಸ್, ಬರಬೇಕಾದ ಕ್ರೆಡಿಟ್ ನೋಟ್. ನಿಮ್ಮ ಇಮೇಲ್‌ನ ‘ಕಳುಹಿಸಿದ’ ಪೆಟ್ಟಿಗೆಯಲ್ಲಿ ಮೂರು ತಿಂಗಳು ಹಿಂದಕ್ಕೆ ಹೋಗಿ. ಉತ್ತರ ಬಾರದೆ ಉಳಿದ ಪ್ರತಿಯೊಂದು ಪತ್ರವೂ ಒಂದು ಅರ್ಧ ಕೆಲಸ.

ಒಟಿಪಿ ಯಾರ ಫೋನಿಗೆ ಬರುತ್ತದೆ?

ಪಾಸ್‌ವರ್ಡ್‌ಗಳನ್ನು ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು ಎಂಬ ಕಾಲ ಮುಗಿದಿದೆ. ಇ-ವೇ ಬಿಲ್ ಜಾಲತಾಣಕ್ಕೆ ಒಳಹೋಗಲು ಈಗ ಒಟಿಪಿಯೂ ಬೇಕು. ಅದು ನಿಮ್ಮ ಮೊಬೈಲಿಗೆ ಬರುತ್ತಿದ್ದರೆ ಹೆರಿಗೆ ಆಸ್ಪತ್ರೆಯಲ್ಲಿ ಮಲಗಿಕೊಂಡು ಅಂಕಿಗಳನ್ನು ಓದಿ ಹೇಳಬೇಕಾಗುತ್ತದೆ. ಲಾರಿ ಗೇಟಿನಲ್ಲಿ ನಿಂತಿರುತ್ತದೆ. ಕೊಲ್ಹಾಪುರ ಬೇರೆ ರಾಜ್ಯದಲ್ಲಿರುವುದರಿಂದ ಜಾಬ್‌ವರ್ಕ್ ಮಾಲಿಗೆ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ ಕಡ್ಡಾಯ. 50,000 ರೂಪಾಯಿಯ ಮಿತಿ ಇಲ್ಲಿ ಅನ್ವಯಿಸುವುದಿಲ್ಲ.

ಪರಿಹಾರ ಸರಳ. ಇ-ವೇ ಬಿಲ್ ತಾಣದಲ್ಲಿ ಉಪ-ಬಳಕೆದಾರರನ್ನು ಸೃಷ್ಟಿಸುವ ಅವಕಾಶ ಇದೆ. ಹುಡುಗನ ಸ್ವಂತ ಮೊಬೈಲ್ ಸಂಖ್ಯೆ ಹಾಕಿ ಅವನಿಗೆ ಬೇರೆ ಖಾತೆ ಮಾಡಿಕೊಡಿ. ಜಿಎಸ್‌ಟಿ ಪೋರ್ಟಲ್‌ನ ಅಧಿಕೃತ ಸಹಿದಾರರ ವಿಷಯ ಬೇರೆ. ಅಲ್ಲಿ ನಿಮ್ಮ ಹೆಸರಿದ್ದರೆ ನೋಂದಣಿ ವಿವರದಲ್ಲಿ ತಿದ್ದುಪಡಿ ಮಾಡಿ ಇನ್ನೊಬ್ಬರನ್ನು ಸೇರಿಸಬೇಕು. ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ರಿಟರ್ನ್‌ಗೆ ಡಿಜಿಟಲ್ ಸಹಿಯ ಟೋಕನ್ ಬೇಕು. ಟೋಕನ್ ಯಾವ ಕಪಾಟಿನಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ ಎಂದು ಬರೆಯಿರಿ. ಪಿನ್ ಬರೆಯಬೇಡಿ. ಅದು ಸಹಿ ಮಾಡುವವರ ಸ್ವತ್ತು, ಅವರೇ ಒತ್ತಲಿ. ತಪ್ಪು ಪಿನ್ ಮತ್ತೆ ಮತ್ತೆ ಒತ್ತಿದರೆ ಟೋಕನ್ ಲಾಕ್ ಆಗುತ್ತದೆ ಎಂಬುದನ್ನು ಮಾತ್ರ ತಿಳಿಸಿ. 20ನೆಯ ತಾರೀಖಿನ ಸಂಜೆ ಇದು ಗೊತ್ತಾಗುವುದು ಬೇಡ.

ಎಷ್ಟರವರೆಗೆ ತಾನೇ ನಿರ್ಧರಿಸಬಹುದು

ಒಂದು ಪ್ಯಾರಾ ಸಾಕು. ಯಾವ ಮೊತ್ತದವರೆಗೆ ಕೇಳದೆ ಪಾವತಿಸಬಹುದು, ಯಾವುದಕ್ಕೆ ಸಾಹೇಬರ ಸಹಿ ಬೇಕು, ತೆರಿಗೆಯ ಯಾವ ಪ್ರಶ್ನೆಗೆ ಲೆಕ್ಕಪರಿಶೋಧಕರನ್ನು ಕೇಳಬೇಕು. ಈ ಪ್ಯಾರಾವನ್ನು ಸಾಹೇಬರಿಗೆ ತೋರಿಸಿ ಸಹಿ ಹಾಕಿಸಿ. ಇಲ್ಲದಿದ್ದರೆ ‘ನಿನಗೆ ಯಾರು ಹೇಳಿದರು?’ ಎಂಬ ಪ್ರಶ್ನೆ ಎದುರಾದಾಗ ಹುಡುಗನ ಬಳಿ ಉತ್ತರ ಇರುವುದಿಲ್ಲ.

ನವೆಂಬರ್‌ನಲ್ಲೇ ಒಂದು ತಾಲೀಮು

ಟಿಪ್ಪಣಿ ಅಕ್ಟೋಬರ್ ಕೊನೆಗೆ ಮುಗಿದಿರಲಿ. ನವೆಂಬರ್‌ನ ಸಂಪೂರ್ಣ ಸುತ್ತನ್ನು, ಅಂದರೆ 7ರಿಂದ 20ರವರೆಗೆ, ಹುಡುಗನೇ ಟಿಪ್ಪಣಿ ನೋಡಿಕೊಂಡು ಮಾಡಲಿ. ನೀವು ಪಕ್ಕದಲ್ಲಿರಿ, ಮೌಸ್ ಮುಟ್ಟಬೇಡಿ. ಇದು ಬಹಳ ಕಷ್ಟದ ಕೆಲಸ. ಅವನು ತಪ್ಪು ಕಡೆ ಒತ್ತುವುದನ್ನು ನೋಡಿ ಕೈ ತಾನಾಗಿ ಮುಂದೆ ಹೋಗುತ್ತದೆ. ಅವನು ಎಲ್ಲಿ ತಲೆ ಎತ್ತಿ ನಿಮ್ಮ ಮುಖ ನೋಡುತ್ತಾನೋ ಅಲ್ಲಿ ಟಿಪ್ಪಣಿಯಲ್ಲಿ ಒಂದು ಸಾಲು ಕಡಿಮೆ ಇದೆ. ಬಾಯಲ್ಲಿ ಹೇಳುವ ಬದಲು ಆ ಸಾಲನ್ನು ಬರೆದುಕೊಡಿ, ಓದಿಕೊಂಡು ಮುಂದುವರಿಯಲಿ.

ಈ ಸುತ್ತಿನಲ್ಲಿ ಎರಡು ಕಡೆ ಅವನು ಹೆಚ್ಚಾಗಿ ನಿಲ್ಲುತ್ತಾನೆ. ಮೊದಲನೆಯದು 14ನೆಯ ತಾರೀಖು ಜಿಎಸ್‌ಟಿಆರ್-2ಬಿ ಬಂದಾಗ. ನಮ್ಮ ಪುಸ್ತಕದಲ್ಲಿರುವ ಒಂದು ಖರೀದಿ ಅಲ್ಲಿ ಕಾಣದಿದ್ದರೆ ಮಾರಿದವರು ತಮ್ಮ ರಿಟರ್ನ್‌ನಲ್ಲಿ ಅದನ್ನು ತೋರಿಸಿಲ್ಲ ಎಂದರ್ಥ. ಈ ತಿಂಗಳು ಆ ಕ್ರೆಡಿಟ್ ತೆಗೆದುಕೊಳ್ಳದೆ ಅವರಿಗೆ ಫೋನ್ ಮಾಡಬೇಕು. ಯಾವ ಪಾರ್ಟಿ ಯಾವಾಗಲೂ ತಡ ಮಾಡುತ್ತದೆ ಎಂಬುದು ನಿಮಗೆ ಗೊತ್ತು, ಹೆಸರು ಬರೆಯಿರಿ. ಎರಡನೆಯದು, 11ಕ್ಕೆ ಸಲ್ಲಿಸಿದ ಜಿಎಸ್‌ಟಿಆರ್-1ರಲ್ಲಿ ತಪ್ಪು ಕಂಡಾಗ. 3ಬಿ ಸಲ್ಲಿಸುವ ಮುನ್ನ ಜಿಎಸ್‌ಟಿಆರ್-1ಎ ಮೂಲಕ ಅದೇ ತಿಂಗಳಲ್ಲಿ ಸರಿಪಡಿಸಬಹುದು. 3ಬಿ ಸಲ್ಲಿಸಿದ ಮೇಲೆ ಮುಂದಿನ ತಿಂಗಳೇ ಗತಿ. ಆದ್ದರಿಂದ 3ಬಿ ಒತ್ತುವ ಮುನ್ನ ಮಾರಾಟದ ಒಟ್ಟು ಮೊತ್ತವನ್ನು ಟ್ಯಾಲಿಯೊಂದಿಗೆ ಮತ್ತೊಮ್ಮೆ ಹೋಲಿಸಬೇಕೆಂಬ ಸಾಲು ಟಿಪ್ಪಣಿಯಲ್ಲಿರಲಿ.

ಬಲಗಡೆ ಖಾಲಿ ಜಾಗ ಬಿಡಿ

ಟಿಪ್ಪಣಿಯ ಪ್ರತಿ ಪುಟದ ಬಲಗಡೆ ಮೂರನೇ ಒಂದು ಭಾಗ ಖಾಲಿ ಇರಲಿ. ಏನು ಮಾಡಿದ, ಯಾವ ದಿನ, ಏನು ಬದಲಾಯಿತು ಎಂದು ಅವನು ಅಲ್ಲೇ ಬರೆಯುತ್ತ ಹೋಗಲಿ. ಜೂನ್ 1ಕ್ಕೆ ನೀವು ಮರಳಿದಾಗ ಚಾರ್ಜ್ ತೆಗೆದುಕೊಳ್ಳುವುದು ಅದೇ ಹಾಳೆಗಳಿಂದ. ಮೊದಲು ಏಪ್ರಿಲ್ 18ರ ಚಲನ್‌ನ ಪುಟ ತೆಗೆಯಿರಿ. ಎದುರಿನ ಖಾಲಿ ಜಾಗದಲ್ಲಿ ಏನೂ ಬರೆದಿರದಿದ್ದರೆ ಆ ದಿನದ ಮೊದಲ ಫೋನ್ ಕೊಲ್ಹಾಪುರಕ್ಕೆ, ಎರಡನೆಯದು ಲೆಕ್ಕಪರಿಶೋಧಕರಿಗೆ.